ಸೂರ್ಯನೂ ಐದು ಹೊತ್ತಿನ ನಮಾಝೂ

ದಿನಕ್ಕೆ ಐದು ಹೊತ್ತು ಏಕೆ? ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಿಡುವಾದಾಗ ಪ್ರಾರ್ಥಿಸಿದರೆ ಸಾಲದೇ? ಈ ಪ್ರಶ್ನೆಯನ್ನು ನೆರೆಹೊರೆಯವರು ಕೇಳುತ್ತಾರೆ. ಕೆಲವೊಮ್ಮೆ ನಮ್ಮ ಮನೆಯ ಮಕ್ಕಳೂ ಕೇಳುತ್ತಾರೆ. "ಅಲ್ಲಾಹನ ಆಜ್ಞೆ" ಎಂಬುದೇ ಇದಕ್ಕೆ ಮೊದಲ ಉತ್ತರ. ಸತ್ಯವಿಶ್ವಾಸಿಗಳ ಮೇಲೆ ನಮಾಝ್ ಸಮಯ ನಿಶ್ಚಯದೊಂದಿಗೆ ಕಡ್ಡಾಯವಾಗಿದೆ ಎಂದು ಪವಿತ್ರ ಕುರ್‌ಆನ್ (4:103) ತಿಳಿಸುತ್ತದೆ. ಆದರೆ ಆ ಸಮಯಗಳನ್ನು ಗಮನವಿಟ್ಟು ನೋಡಿದರೆ ಅವುಗಳಲ್ಲೇ ಒಂದು ಪಾಠವಿರುವುದು ಕಂಡುಬರುತ್ತದೆ.

ಸಮಯ ಕಲಿಸಿದ ಎರಡು ದಿನಗಳು

ಐದು ಹೊತ್ತಿನ ನಮಾಝ್ ಕಡ್ಡಾಯವಾದಾಗ ಜಿಬ್ರೀಲ್(ಅ) ಕಅಬಾದ ಬಳಿ ಎರಡು ದಿನ ಪ್ರವಾದಿವರ್ಯರಿಗೆ(ಸ) ಇಮಾಮರಾಗಿ ನಿಂತು ನಮಾಝ್ ಮಾಡಿಸಿದರು. ಇಬ್ನು ಅಬ್ಬಾಸ್(ರ) ವರದಿ ಮಾಡಿದ ಈ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಮೊದಲ ದಿನ ಪ್ರತಿಯೊಂದು ನಮಾಝನ್ನೂ ಅದರ ಸಮಯ ಆರಂಭವಾದೊಡನೆ ಮಾಡಿಸಿದರು. ಎರಡನೆಯ ದಿನ ಮಗ್ರಿಬ್ ಹೊರತು ಉಳಿದವುಗಳನ್ನು ತಡಮಾಡಿ ಮಾಡಿಸಿದರು. ಬಳಿಕ, ಸಮಯವು ಈ ಎರಡರ ನಡುವೆ ಇದೆ ಎಂದು ತಿಳಿಸಿದರು. ಗಡಿಯಾರವಿಲ್ಲದ ಕಾಲದಲ್ಲಿ ಬೆಳಕು ಮತ್ತು ನೆರಳೇ ಅಳತೆಗೋಲಾಗಿದ್ದವು. ಇಂದಿಗೂ ಮಸೀದಿಯ ಗೋಡೆಯಲ್ಲಿರುವ ವೇಳಾಪಟ್ಟಿಯು ಅದೇ ಬೆಳಕು ನೆರಳುಗಳ ಲೆಕ್ಕವಾಗಿದೆ.

ಆ ಲೆಕ್ಕ ಹೀಗಿದೆ: ಪೂರ್ವ ದಿಗಂತದಲ್ಲಿ ಬಿಳಿ ಬೆಳಕು ಅಡ್ಡಲಾಗಿ ಹರಡಿದಾಗ ಫಜ್ರ್ ಆರಂಭವಾಗುತ್ತದೆ. ಅದಕ್ಕೆ ಮುಂಚೆ ಕಂಬದಂತೆ ಮೇಲಕ್ಕೆ ಕಾಣಿಸಿ ಮಾಯವಾಗುವ ಬೆಳಕು ಲೆಕ್ಕಕ್ಕಿಲ್ಲ. ಸೂರ್ಯೋದಯದೊಂದಿಗೆ ಫಜ್ರ್ ಮುಗಿಯುತ್ತದೆ. ಸೂರ್ಯನು ನೆತ್ತಿಯಿಂದ ಪಶ್ಚಿಮಕ್ಕೆ ವಾಲಿದಾಗ ಝುಹರ್, ನೆರಳು ನೀಳವಾದಾಗ ಅಸರ್, ಸೂರ್ಯನು ಪೂರ್ತಿ ಮುಳುಗಿದಾಗ ಮಗ್ರಿಬ್, ಸಂಜೆಯ ಬೆಳಕು ಅಳಿದಾಗ ಇಶಾ.

ಇಲ್ಲಿ ಒಂದು ವಿಷಯವನ್ನು ಗಮನಿಸಿರಿ. ಫಜ್ರ್ ಇರುವುದು ಸೂರ್ಯನು ಹುಟ್ಟುವ ಮೊದಲು. ಝುಹರ್ ಇರುವುದು ನೆತ್ತಿ ದಾಟಿದ ನಂತರ. ಮಗ್ರಿಬ್ ಇರುವುದು ಮುಳುಗಿದ ಮೇಲೆ. ಸೂರ್ಯನು ಹುಟ್ಟುತ್ತಿರುವ, ನಡುನೆತ್ತಿಯಲ್ಲಿರುವ, ಮುಳುಗುತ್ತಿರುವ ಮೂರು ಗಳಿಗೆಗಳಲ್ಲಿ ನಮಾಝ್ ಮಾಡುವುದನ್ನು ಪ್ರವಾದಿವರ್ಯರು(ಸ) ತಡೆದರು. ಉದಯ ಮತ್ತು ಅಸ್ತಮಾನದ ವೇಳೆ ಸೂರ್ಯನನ್ನು ಆರಾಧಿಸುವವರು ಅದಕ್ಕೆ ಸಾಷ್ಟಾಂಗವೆರಗುತ್ತಾರೆ ಎಂಬ ಕಾರಣವನ್ನೂ ವಿವರಿಸಿದರು (ಮುಸ್ಲಿಮ್). ಅಂದರೆ ಮುಸ್ಲಿಮನು ಸಮಯಕ್ಕಾಗಿ ಸೂರ್ಯನನ್ನು ನೋಡುತ್ತಾನೆ, ಆದರೆ ಸೂರ್ಯನಿಗೆ ತಲೆಬಾಗುವುದಿಲ್ಲ. ಪ್ರವಾದಿ ಇಬ್ರಾಹೀಮರು(ಅ) ನಕ್ಷತ್ರ, ಚಂದ್ರ, ಸೂರ್ಯ ಮೂರೂ ಅಸ್ತವಾಗುವುದನ್ನು ಜನರಿಗೆ ತೋರಿಸಿ, ಇವುಗಳನ್ನು ಬಿಟ್ಟು ಇವುಗಳ ಸೃಷ್ಟಿಕರ್ತನ ಕಡೆಗೆ ಮುಖ ಮಾಡಿದರಷ್ಟೆ (6:76-79). ಆ ಪಾಠವನ್ನು ನಾವು ಪ್ರತಿದಿನ ಆಚರಿಸುತ್ತೇವೆ. ಕತ್ತಲೆ ಹರಿಯುವಾಗ, ಹಗಲಿನ ಉಚ್ಛ್ರಾಯ ಇಳಿಯುವಾಗ, ನೆರಳು ನೀಳವಾಗುವಾಗ, ಬೆಳಕು ಹೋದಾಗ, ಕತ್ತಲೆ ಕವಿದಾಗ, ಹೀಗೆ ದಿನದ ಪ್ರತಿಯೊಂದು ತಿರುವಿನಲ್ಲೂ ಬದಲಾಗದವನ ಮುಂದೆ ನಿಲ್ಲುತ್ತೇವೆ.

ಅಸರ್: ಕೈತಪ್ಪುವ ನಮಾಝ್

ಈ ಐದರಲ್ಲಿ ದುಡಿಯುವವರ ಕೈತಪ್ಪುವುದು ಹೆಚ್ಚಾಗಿ ಅಸರ್. ನಮಾಝ್‌ಗಳನ್ನು, ವಿಶೇಷವಾಗಿ ಮಧ್ಯದ ನಮಾಝನ್ನು ಕಾಪಾಡಬೇಕೆಂದು ಕುರ್‌ಆನ್ (2:238) ಆದೇಶಿಸುತ್ತದೆ. ಇದು ಅಸರ್ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅಸರ್ ಕಳೆದುಕೊಂಡವನು ತನ್ನ ಕುಟುಂಬವನ್ನೂ ಸಂಪತ್ತನ್ನೂ ಕಳೆದುಕೊಂಡವನಂತೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ (ಬುಖಾರಿ, ಮುಸ್ಲಿಮ್). ಸಂತೆ ಬಿರುಸಾಗಿರುವ, ಅಂದಿನ ಕೆಲಸ ಮುಗಿಸುವ ಆತುರವಿರುವ ಹೊತ್ತು ಅದು. ನಾವು ನಷ್ಟಕ್ಕೆ ಹೆದರಿ ನಮಾಝ್ ಬಿಡುತ್ತೇವೆ. ಬಿಟ್ಟದ್ದೇ ನಷ್ಟವೆಂದು ಹದೀಸ್ ಹೇಳುತ್ತದೆ.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಕೆಲಸಗಾರನೊಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಂಜೆ 6 ಗಂಟೆಗೆ ಮಗ್ಗ ನಿಲ್ಲಿಸಿ ಅಸರ್ ನಿರ್ವಹಿಸುವುದು ಅವನ ರೂಢಿ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಮುಳುಗುವುದು ಸುಮಾರು 6:34ಕ್ಕೆ. ಆದ್ದರಿಂದ ತಡವಾಗಿಯಾದರೂ ಅವನ ಅಸರ್ ಸಮಯದೊಳಗೆ ಆಗುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯಾಸ್ತ ಸುಮಾರು 5:58ಕ್ಕೇ ಆಗಿಬಿಡುತ್ತದೆ. ಅದೇ 6 ಗಂಟೆ, ಅದೇ ರೂಢಿ; ಆದರೆ ಈಗ ಅಸರ್ ಕಝಾ ಆಗಿರುತ್ತದೆ. ಗಡಿಯಾರ ಬದಲಾಗಲಿಲ್ಲ, ಸೂರ್ಯನ ದಾರಿ ಬದಲಾಯಿತು.

ಹಾಗಾದರೆ ಅಸರ್ ಶುರುವಾಗುವುದು ಯಾವಾಗ? ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಮಕ್ಕಳಿಗೆ ತೋರಿಸಬಹುದು. ನಡುಹಗಲಿನಲ್ಲಿ ನೆರಳು ಅತಿ ಗಿಡ್ಡವಾಗಿರುವಾಗ ಅಳೆಯಿರಿ. ಏಪ್ರಿಲ್ 25ರ ಆಸುಪಾಸಿನಲ್ಲಿ ನಮ್ಮ ಜಿಲ್ಲೆಯಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ನೆರಳು ಇಲ್ಲವೆನ್ನುವಷ್ಟು ಇರುತ್ತದೆ. ಡಿಸೆಂಬರ್ ಕೊನೆಯಲ್ಲಿ ಅದು ಸುಮಾರು 75 ಸೆಂಟಿಮೀಟರ್. ಈ ಮೂಲ ನೆರಳನ್ನು ಬಿಟ್ಟು, ಕೋಲಿನಷ್ಟೇ ನೆರಳು ಹೆಚ್ಚಾದಾಗ ಶಾಫಿಈ ಮದ್‌ಹಬಿನ ಪ್ರಕಾರ ಅಸರ್ ಆರಂಭ. ಕೋಲಿನ ಎರಡರಷ್ಟು ಹೆಚ್ಚಾದಾಗ ಇಮಾಮ್ ಅಬೂಹನೀಫಾರ(ರ) ಪ್ರಕಾರ ಆರಂಭ. ಡಿಸೆಂಬರ್ 21ಕ್ಕೆ ಲೆಕ್ಕ ಹಾಕಿದರೆ ಮೊದಲನೆಯದು 1 ಮೀಟರ್ 75 ಸೆಂಟಿಮೀಟರ್ ನೆರಳು, ಸುಮಾರು 3:33ಕ್ಕೆ. ಎರಡನೆಯದು 2 ಮೀಟರ್ 75 ಸೆಂಟಿಮೀಟರ್, ಸುಮಾರು 4:22ಕ್ಕೆ.

ಕರಾವಳಿಯಿಂದ ಹೊಸಕೋಟೆ, ನೆಲಮಂಗಲಗಳಿಗೆ ವ್ಯಾಪಾರಕ್ಕೆ ಬಂದ ನಮ್ಮ ಶಾಫಿಈ ಸಹೋದರರು, ಇಲ್ಲಿ ಅಸರ್ ಅಝಾನ್ ಇಷ್ಟು ತಡವೇಕೆಂದು ಕೇಳುವುದು ಇದಕ್ಕಾಗಿಯೇ. ಎರಡೂ ಕಡೆಯವರ ಕೈಯಲ್ಲಿರುವುದು ಒಂದೇ ಕೋಲು, ಒಂದೇ ಸೂರ್ಯ. ಇಮಾಮ್ ಅಬೂಹನೀಫಾರ(ರ) ಪ್ರಮುಖ ಶಿಷ್ಯರಿಬ್ಬರೂ ಮೊದಲ ನೆರಳಿನ ಅಭಿಪ್ರಾಯದವರೇ ಆಗಿದ್ದರೆಂಬುದನ್ನು ನೆನಪಿಟ್ಟರೆ ಮಸೀದಿಯ ಅಂಗಳದಲ್ಲಿ ವಾದಕ್ಕೆ ಕಾರಣವಿರದು.

ಆ ಮಗ್ಗದ ಕೆಲಸಗಾರನಿಗೆ ಪರಿಹಾರವೂ ಈ ನೆರಳಿನಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಿ ಹನಫೀ ಲೆಕ್ಕದ ಅಸರ್ ಅತಿ ತಡವಾಗುವುದು ಜುಲೈಯಲ್ಲಿ, ಆಗಲೂ ಸುಮಾರು 5 ಗಂಟೆಗೆ. ಸೂರ್ಯ ಅತಿ ಬೇಗ ಮುಳುಗುವುದು ನವೆಂಬರಿನಲ್ಲಿ, ಸುಮಾರು 5:50ಕ್ಕೆ. ಆದ್ದರಿಂದ ಸಂಜೆ 5:10ಕ್ಕೆ ಹತ್ತು ನಿಮಿಷ ಬಿಡುವನ್ನು ಮಾಲೀಕರಿಂದ ಕೇಳಿ ಪಡೆದರೆ ವರ್ಷವಿಡೀ ಅಸರ್ ಸಮಯದೊಳಗೇ ಆಗುತ್ತದೆ. ಸೂರ್ಯನು ಹಳದಿಗೆ ತಿರುಗುವವರೆಗೆ ಬೇಕೆಂದೇ ಕಾದು, ಮುಳುಗುವ ಹೊತ್ತಿಗೆ ಅವಸರದಲ್ಲಿ ನಾಲ್ಕು ರಕಅತ್ ಮುಗಿಸುವುದನ್ನು ಪ್ರವಾದಿವರ್ಯರು(ಸ) ಕಪಟಿಯ ನಮಾಝೆಂದು ಕರೆದಿದ್ದಾರೆ (ಮುಸ್ಲಿಮ್). ಆದರೆ ನಿಜವಾಗಿಯೂ ತಡವಾಗಿಬಿಟ್ಟವನು ಬಿಡಬಾರದು. ಮುಳುಗುವ ಮುನ್ನವೇ ಅಂದಿನ ಅಸರನ್ನು ನಿರ್ವಹಿಸಲೇಬೇಕು.

ಎರಡು ಎಚ್ಚರಿಕೆಗಳು

ಮಂಗಳೂರಿನಲ್ಲಿ ಅಚ್ಚಾದ ವೇಳಾಪಟ್ಟಿಯನ್ನು ಇಲ್ಲಿ ತೂಗುಹಾಕಬೇಡಿರಿ. ಮಂಗಳೂರು ನಮಗಿಂತ ಪಶ್ಚಿಮದಲ್ಲಿರುವುದರಿಂದ ಅಲ್ಲಿ ಸಮಯ ಸುಮಾರು 11 ನಿಮಿಷ ಹಿಂದೆ ಬರುತ್ತದೆ. ಆ ಪಟ್ಟಿ ನೋಡಿ ಸಹರಿ ಉಣ್ಣುವವನು ಇಲ್ಲಿ ಫಜ್ರ್ ಆದ ಮೇಲೂ ಉಣ್ಣುತ್ತಿರುತ್ತಾನೆ.

ನಂದಿ ಬೆಟ್ಟದ ಪಡುವಣ ತಪ್ಪಲಿನ ಹಳ್ಳಿಗಳಲ್ಲಿ ಸೂರ್ಯನು ಬೆಟ್ಟದ ಮರೆಯಿಂದ ತಡವಾಗಿ ಕಾಣಿಸಬಹುದು. ಅದರಿಂದ ಫಜ್ರ್‌ನ ಸಮಯ ಬೆಳೆಯುವುದಿಲ್ಲ. ಬಯಲಿನಲ್ಲಿ ಸೂರ್ಯ ಹುಟ್ಟಿದಾಗಲೇ ಅದು ಮುಗಿದಿರುತ್ತದೆ. ಬೆಟ್ಟದ ಹಿಂದೆ ಇದ್ದರೂ ಸೂರ್ಯನು ತನ್ನ ಹೊತ್ತಿಗೆ ಬಂದಿರುತ್ತಾನೆ. ಅಲ್ಲಾಹನು ಅವನಿಗೆ ಗೊತ್ತುಪಡಿಸಿದ ಸಮಯವನ್ನು ಅವನು ಮೀರುವುದಿಲ್ಲ. ನಮಗೂ ಐದು ಸಮಯಗಳನ್ನು ಗೊತ್ತುಪಡಿಸಲಾಗಿದೆ. ಅವುಗಳನ್ನು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.