ಈಗ ನನ್ನ ಮಾತು ಯಾರಿಗೆ ಕೇಳುತ್ತಿದೆ?

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ನನ್ನದು ರೀಚಾರ್ಜ್ ಮತ್ತು ರಿಪೇರಿ ಅಂಗಡಿ. ಅಕ್ಕಪಕ್ಕ ಬಟ್ಟೆ ಅಂಗಡಿ, ಬಳೆ ಅಂಗಡಿ. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದವರು ಮದುವೆ ಜವಳಿ ಮುಗಿಸಿಕೊಂಡು, ಫೋನ್ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. "ಅಣ್ಣ, ಫೋನ್ ಕೆಟ್ಟಿದೆ, ಮಧ್ಯೆ ಟೂಕ್ ಟೂಕ್ ಅನ್ನುತ್ತೆ" ಎನ್ನುವವರಲ್ಲಿ ಅರ್ಧದಷ್ಟು ಜನರ ಫೋನ್ ಕೆಟ್ಟಿರುವುದೇ ಇಲ್ಲ. ಅವರಿಗೆ ಹೇಳಿಕೊಡುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಫೋನ್ ಹಿಡಿದವರಿಗಾಗಿ ಬರೆದದ್ದು.

1. ಆ ಟೂಕ್ ಟೂಕ್ ಎಂದರೆ ಇನ್ನೊಬ್ಬರು ಬಾಗಿಲಲ್ಲಿ ನಿಂತಿದ್ದಾರೆ

ನೀವು ಒಬ್ಬರ ಜೊತೆ ಮಾತಾಡುತ್ತಿರುವಾಗ ಇನ್ನೊಬ್ಬರು ಫೋನ್ ಮಾಡಿದರೆ ಕಿವಿಯಲ್ಲಿ ಸಣ್ಣ ಸದ್ದು ಬಿಟ್ಟು ಬಿಟ್ಟು ಬರುತ್ತದೆ. ಇದೇ ಕಾಲ್ ವೇಟಿಂಗ್. ಸದ್ದು ನಿಮಗೆ ಮಾತ್ರ ಕೇಳುತ್ತದೆ. ಹೊರಗೆ ಕಾಯುತ್ತಿರುವವರಿಗೆ ನಿಮ್ಮ ಮಾತು ಒಂದಕ್ಷರವೂ ಕೇಳುವುದಿಲ್ಲ. ಅವರಿಗೆ ರಿಂಗ್ ಕೇಳುತ್ತದೆ, ಇಲ್ಲವೇ ನೀವು ಬೇರೆ ಕರೆಯಲ್ಲಿದ್ದೀರಿ ಎಂಬ ಪ್ರಕಟಣೆ ಬರುತ್ತದೆ.

ಗಾಬರಿಯಾಗಿ ಕಿವಿಯಿಂದ ಫೋನ್ ತೆಗೆದು ಕೆಂಪು ಬಟನ್ ಒತ್ತುವುದೇ ಹೆಚ್ಚಿನವರು ಮಾಡುವ ತಪ್ಪು. ಎಷ್ಟೋ ಫೋನ್‌ಗಳಲ್ಲಿ ಆಗ ಕಟ್ ಆಗುವುದು ಹೊಸ ಕರೆಯಲ್ಲ, ಮಾತಾಡುತ್ತಿದ್ದ ಕರೆ. ಅವಸರ ಬೇಡ. ಮೊದಲನೆಯವರಿಗೆ "ಒಂದು ನಿಮಿಷ, ಇನ್ನೊಂದು ಫೋನ್ ಬರ್ತಿದೆ" ಎಂದು ಹೇಳಿ, ಪರದೆ ನೋಡಿ, ಆಮೇಲೆ ಹಸಿರು ಬಟನ್ ಮುಟ್ಟಿ. ಸಾಮಾನ್ಯವಾಗಿ ಮೊದಲ ಕರೆ ತಾನಾಗಿ ಹೋಲ್ಡ್‌ಗೆ ಹೋಗಿ ಎರಡನೆಯದು ತೆರೆದುಕೊಳ್ಳುತ್ತದೆ. ಐಫೋನ್‌ನಲ್ಲಿ Hold & Accept ಮತ್ತು End & Accept ಎಂಬ ಎರಡು ಆಯ್ಕೆ ಬರುತ್ತವೆ. ಮೊದಲನೆಯದು ಕಾಯಿಸುತ್ತದೆ, ಎರಡನೆಯದು ಕಡಿದುಹಾಕುತ್ತದೆ. ಏನೂ ಮಾಡದೆ ಸುಮ್ಮನಿದ್ದರೂ ನಷ್ಟವಿಲ್ಲ. ಸದ್ದು ತಾನೇ ನಿಲ್ಲುತ್ತದೆ, ಮಿಸ್ಡ್ ಕಾಲ್ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ.

2. ಈ ಸೌಲಭ್ಯದ ಸ್ವಿಚ್ಚು ಇರುವುದು ನೆಟ್‌ವರ್ಕಿನಲ್ಲಿ

"ಮಗ ಫೋನ್ ಮಾಡಿದರೆ ಯಾವಾಗಲೂ ಎಂಗೇಜ್ ಬರುತ್ತಂತೆ, ನನಗೆ ಗೊತ್ತೇ ಆಗಲ್ಲ" ಎಂದು ಬರುವವರ ಫೋನಿನಲ್ಲಿ ಹೆಚ್ಚಾಗಿ ಕಾಲ್ ವೇಟಿಂಗ್ ಆಫ್ ಆಗಿರುತ್ತದೆ. ಆನ್ ಇದೆಯೋ ಇಲ್ಲವೋ ಎಂದು ಕಂಪನಿಯ ನೆಟ್‌ವರ್ಕನ್ನೇ ಕೇಳಬೇಕು. ಕರೆ ಮಾಡುವ ಜಾಗದಲ್ಲಿ ಈ ಸಂಕೇತ ಹಾಕಿ ಹಸಿರು ಬಟನ್ ಒತ್ತಿ:

```
*#43#
```

ಆನ್ ಮಾಡಲು:

```
*43#
```

ಬೇಡವಾದರೆ:

```
#43#
```

4ಜಿ ಫೋನ್‌ಗಳಲ್ಲಿ ಕೆಲವೊಮ್ಮೆ Connection problem or invalid MMI code ಎಂಬ ಸಾಲು ಬರುತ್ತದೆ. ಹೆದರಬೇಡಿ, ಏನೂ ಕೆಟ್ಟಿಲ್ಲ. ಆಗ ಫೋನ್ ಆ್ಯಪ್‌ನ ಮೂಲೆಯಲ್ಲಿರುವ ಮೂರು ಚುಕ್ಕಿ ಮುಟ್ಟಿ Settings ಒಳಗೆ ಹೋಗಿ Call waiting ಹುಡುಕಬೇಕು. ಕೆಲವು ಫೋನ್‌ಗಳಲ್ಲಿ ಅದು Supplementary services ಒಳಗೆ, ಕೆಲವದರಲ್ಲಿ Calling accounts ಒಳಗೆ ಸಿಗುತ್ತದೆ. ಅದನ್ನು ತೆರೆದಾಗ ಕೆಲವು ಸೆಕೆಂಡ್ ಚಕ್ರ ತಿರುಗುವುದು ನೆಟ್‌ವರ್ಕಿನಿಂದ ಉತ್ತರ ಬರಬೇಕಾದ್ದರಿಂದ. ಸಿಗ್ನಲ್ ಇಲ್ಲದ ಕಡೆ ಇದನ್ನು ಮಾಡಲು ಹೋಗಬೇಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಆನ್ ಮಾಡಬೇಕು.

3. ಎರಡು ಸಿಮ್ ಇದ್ದವರ ದೂರು ಬೇರೆಯೇ

"ನಾನು ಮಾತಾಡ್ತಾ ಇದ್ದೆ, ಅವರಿಗೆ ಸ್ವಿಚ್ ಆಫ್ ಅಂತ ಬಂತು" ಎನ್ನುತ್ತಾರೆ. ಸಾಧಾರಣ ಫೋನ್‌ಗಳಲ್ಲಿ ಒಂದು ಸಿಮ್‌ನಲ್ಲಿ ಮಾತಾಡುತ್ತಿರುವಾಗ ಇನ್ನೊಂದು ಸಿಮ್ ಸಂಪರ್ಕಕ್ಕೇ ಸಿಗುವುದಿಲ್ಲ. ವೇಟಿಂಗ್ ಕೆಲಸ ಮಾಡುವುದು ಅದೇ ಸಿಮ್‌ಗೆ ಬಂದ ಎರಡನೆಯ ಕರೆಗೆ ಮಾತ್ರ. ಮನೆಯವರಿಗೆ ಒಂದೇ ನಂಬರ್ ಕೊಟ್ಟು, ಮಾತಾಡುವುದನ್ನೂ ಅದರಲ್ಲೇ ಇಟ್ಟುಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

4. ಹೋಲ್ಡ್ ಬೇರೆ, ಮ್ಯೂಟ್ ಬೇರೆ

ಮನಸ್ತಾಪಗಳು ಹುಟ್ಟುವುದು ಇಲ್ಲೇ. ಹೋಲ್ಡ್ ಮಾಡಿದಾಗ ನಿಮ್ಮ ಮಾತು ಅವರಿಗೆ ಕೇಳುವುದಿಲ್ಲ, ಅವರ ಮಾತೂ ನಿಮಗೆ ಕೇಳುವುದಿಲ್ಲ. ಮ್ಯೂಟ್ ಮಾಡಿದಾಗ ಅವರ ಮಾತು ನಿಮಗೆ ಕೇಳುತ್ತದೆ, ನಿಮ್ಮದು ಮಾತ್ರ ಅವರಿಗೆ ಕೇಳುವುದಿಲ್ಲ. "ಒಂದ್ನಿಮಿಷ ಇರಿ" ಎಂದು ಬಾಯಲ್ಲಿ ಹೇಳಿ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರೆ ಅದು ಎರಡೂ ಅಲ್ಲ. ಎಲ್ಲವೂ ಆ ಕಡೆಗೆ ಕೇಳುತ್ತಿರುತ್ತದೆ.

ಒಮ್ಮೆ ಒಬ್ಬ ಗಿರಾಕಿ ನನ್ನ ಎದುರಿಗೇ ಬೀಗರಿಗೆ "ಲೈನಲ್ಲಿರಿ" ಎಂದು ಹೇಳಿ, ಪಕ್ಕದಲ್ಲಿದ್ದ ಹೆಂಡತಿಯ ಜೊತೆ ಅವರ ಲೆಕ್ಕಾಚಾರದ ಬಗ್ಗೆಯೇ ಮಾತಾಡತೊಡಗಿದರು. ಹೋಲ್ಡ್ ಆಗಿದೆ ಎಂಬ ನಂಬಿಕೆ ಅವರದು. ಪರದೆಯ ಮೇಲೆ ಕರೆಯ ಸಮಯ ಎಂದಿನಂತೆ ಓಡುತ್ತಿತ್ತು, Hold ಬಟನ್ ಬಣ್ಣ ಬದಲಾಗಿರಲಿಲ್ಲ. ನಾನು ಕೈಸನ್ನೆ ಮಾಡುವ ಹೊತ್ತಿಗೆ ತಡವಾಗಿತ್ತು. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ: ಹೆಸರಿನ ಕೆಳಗೆ On hold ಎಂಬ ಅಕ್ಷರ ಕಣ್ಣಾರೆ ಕಾಣುವವರೆಗೆ ಹೋಲ್ಡ್ ಆಗಿಲ್ಲ ಎಂದೇ ತಿಳಿಯಿರಿ. ಇನ್ನೊಂದು ಮಾತು, ಹೋಲ್ಡ್‌ನಲ್ಲಿದ್ದರೂ ಕರೆ ನಡೆಯುತ್ತಲೇ ಇರುತ್ತದೆ. ಸೆಕೆಂಡಿಗಿಷ್ಟು ಎಂದು ದುಡ್ಡು ಹೋಗುವ ಪ್ಲಾನ್ ಇದ್ದವರಿಗೆ ಅದರದ್ದೂ ಕಡಿತವಾಗುತ್ತದೆ.

5. ಮೂವರನ್ನು ಸೇರಿಸುವಾಗ ಯಾರಿಗೆ ಮೊದಲು ಫೋನ್ ಮಾಡುತ್ತೀರಿ ಎಂಬುದೇ ಮುಖ್ಯ

ಭದ್ರಾವತಿಯ ಒಬ್ಬ ಅಕ್ಕ ಪಕ್ಕದ ಸೀರೆ ಅಂಗಡಿಯಿಂದ ಓಡಿ ಬಂದರು. ಮಗಳ ಮದುವೆಯ ಸೀರೆ. ಮಗಳು ಬೆಂಗಳೂರಿನಲ್ಲಿ, ಒಪ್ಪಬೇಕಾದ ಅಜ್ಜಿ ಭದ್ರಾವತಿಯ ಮನೆಯಲ್ಲಿ. ಒಬ್ಬರಿಗೆ ಹೇಳಿ, ಇಟ್ಟು, ಇನ್ನೊಬ್ಬರಿಗೆ ಹೇಳಿ ಸುಸ್ತಾಗಿದ್ದರು. ಕಾನ್ಫರೆನ್ಸ್ ಹಾಕಲು ಅವರೇ ಒಮ್ಮೆ ನೋಡಿದ್ದರಂತೆ. ಅಜ್ಜಿಗೆ ಮೊದಲು ಫೋನ್ ಮಾಡಿ, ಆಮೇಲೆ ಮಗಳಿಗೆ ಮಾಡಿದ್ದರು. ಅಜ್ಜಿ ಹೋಲ್ಡ್‌ಗೆ ಹೋದಾಗ ಕಿವಿಯಲ್ಲಿ ಬರೀ ಸದ್ದು ಕೇಳಿ, "ಲೈನ್ ಹೋಯ್ತು" ಎಂದುಕೊಂಡು ಇಟ್ಟುಬಿಟ್ಟಿದ್ದರು.

ನಾವು ಕ್ರಮ ತಿರುಗಿಸಿದೆವು. ಕಾಯಲು ಗೊತ್ತಿರುವವರಿಗೆ ಮೊದಲು, ಗೊತ್ತಿಲ್ಲದವರಿಗೆ ಆಮೇಲೆ. ಮಗಳಿಗೆ ಫೋನ್ ಮಾಡಿ, "ಅಜ್ಜಿಗೂ ಹಾಕ್ತೀನಿ, ಸದ್ದಿಲ್ಲದಿದ್ದರೂ ಕಟ್ ಮಾಡಬೇಡ" ಎಂದು ಹೇಳಿಸಿದೆ. ನಂತರ Add call ಮುಟ್ಟಿ ಅಜ್ಜಿಯ ನಂಬರ್ ಆರಿಸಿದೆವು. ಮಗಳು ತಾನಾಗಿ ಹೋಲ್ಡ್‌ಗೆ ಹೋದಳು. ಅಜ್ಜಿ ಎತ್ತಿಕೊಳ್ಳುವವರೆಗೆ ಕಾದು, "ಅಮ್ಮಾ, ಮಗಳನ್ನೂ ಸೇರಿಸ್ತೀನಿ" ಎಂದು ಹೇಳಿದ ಮೇಲೆ Merge ಒತ್ತಬೇಕಿತ್ತು.

ಆ ಅಕ್ಕ ಒತ್ತಿದ್ದು Swap. ಎರಡೂ ಬಟನ್ ಹತ್ತಿರ ಹತ್ತಿರವೇ ಇರುತ್ತವೆ. Swap ಇಬ್ಬರನ್ನು ಸೇರಿಸುವುದಿಲ್ಲ, ಅದಲುಬದಲು ಮಾಡುತ್ತದೆ, ಮಾತಾಡುತ್ತಿದ್ದವರು ಹೋಲ್ಡ್‌ಗೆ, ಹೋಲ್ಡ್‌ನಲ್ಲಿದ್ದವರು ಮಾತಿಗೆ. ಎರಡು ಬಾರಿ ಒತ್ತಿದ್ದರಿಂದ ಅಜ್ಜಿ "ನಿನ್ನ ಮಾತು ನಿಂತು ನಿಂತು ಬರ್ತಿದೆ" ಎಂದರು. ಗುರುತು ಸುಲಭ. ಪರದೆಯ ಮೇಲೆ ಎರಡು ಹೆಸರು ಬೇರೆ ಬೇರೆಯಾಗಿದ್ದು ಒಂದರ ಕೆಳಗೆ On hold ಎಂದಿದ್ದರೆ ಇನ್ನೂ ಸೇರಿಲ್ಲ. ಸೇರಿದ ಮೇಲೆ ಎರಡೂ ಒಂದಾಗಿ, ಸಾಮಾನ್ಯವಾಗಿ Conference call ಎಂದು ಕಾಣುತ್ತದೆ. ಈ ಬಾರಿ Merge ಒತ್ತಿದಾಗ ಅಜ್ಜಿಯ ಮೊದಲ ಮಾತು ಮೊಮ್ಮಗಳಿಗೆ, "ಊಟ ಆಯ್ತಾ?"

ಸೀರೆಯ ಬಣ್ಣ ಮೂರು ನಿಮಿಷದಲ್ಲಿ ತೀರ್ಮಾನವಾಯಿತು. ನಡುವೆ ಬಜಾರಿನ ಗಲಾಟೆ ಇಬ್ಬರಿಗೂ ಕೇಳುತ್ತಿತ್ತು. ಅವರಿಬ್ಬರು ಮಾತಾಡುವಾಗ ಇವರು Mute ಒತ್ತಿಕೊಂಡದ್ದು ಬಹಳ ಅನುಕೂಲವಾಯಿತು. ದುಡ್ಡಿನ ಮಾತು ಬಂದಾಗ ಅಜ್ಜಿಯನ್ನು ಮಾತ್ರ ಬಿಡಿಸಬೇಕಾಯಿತು. ಅದಕ್ಕೆ Manage ಎಂಬಲ್ಲಿ ಹೋದರೆ ಹೆಸರುಗಳ ಪಟ್ಟಿ ಬರುತ್ತದೆ. ಅಲ್ಲಿ ಅಜ್ಜಿಯ ಹೆಸರಿನ ಪಕ್ಕದ ಕೆಂಪು ಗುರುತನ್ನು ಮುಟ್ಟಬೇಕು. ಐಫೋನ್‌ನಲ್ಲಾದರೆ i ಗುರುತು ಮುಟ್ಟಿ ಪಟ್ಟಿ ತೆರೆಯಬೇಕು. ದೊಡ್ಡ ಕೆಂಪು ಬಟನ್ ಒತ್ತಿದರೆ ಸಾಮಾನ್ಯವಾಗಿ ಎಲ್ಲರ ಕರೆಯೂ ಕಡಿದುಹೋಗುತ್ತದೆ, ಏಕೆಂದರೆ ಸೇರಿಸಿದವರು ನೀವು. ಎರಡೂ ಕರೆ ನೀವೇ ಮಾಡಿದ್ದರಿಂದ ಎರಡರ ದುಡ್ಡೂ ನಿಮ್ಮ ಲೆಕ್ಕಕ್ಕೆ. ಅನ್‌ಲಿಮಿಟೆಡ್ ಪ್ಯಾಕ್ ಇದ್ದರೆ ಚಿಂತೆಯಿಲ್ಲ.

6. Merge ಬಟನ್ ಕಾಣದಿದ್ದರೆ

ಎರಡನೆಯವರು ಇನ್ನೂ ಎತ್ತಿರುವುದಿಲ್ಲ, ಅಥವಾ ಒಂದು ಕರೆ ಮೊದಲ ಸಿಮ್‌ನಲ್ಲಿ, ಇನ್ನೊಂದು ಎರಡನೆಯ ಸಿಮ್‌ನಲ್ಲಿ ಹೋಗಿರುತ್ತದೆ, ಇಲ್ಲವೇ ಒಂದು ವಾಟ್ಸಾಪ್ ಕರೆಯಾಗಿರುತ್ತದೆ. ವಾಟ್ಸಾಪ್ ಕರೆಯನ್ನೂ ಮಾಮೂಲಿ ಕರೆಯನ್ನೂ ಹೀಗೆ ಸೇರಿಸಲಾಗದು. ಸಾಮಾನ್ಯವಾಗಿ ನಿಮ್ಮನ್ನು ಬಿಟ್ಟು ಐದು ಜನರವರೆಗೆ ಸೇರಿಸಬಹುದು. ಕೀಪ್ಯಾಡ್ ಫೋನಿನವರು Options ಒತ್ತಿದರೆ Conference ಎಂಬ ಸಾಲು ಸಿಗುತ್ತದೆ.

7. ಅಪರಿಚಿತರು "ಮರ್ಜ್ ಮಾಡಿ" ಎಂದರೆ ಮಾಡಬೇಡಿ

ಈ ಪಾಠವನ್ನು ನಾನು ಪ್ರತಿಯೊಬ್ಬರಿಗೂ ಹೇಳಿಯೇ ಕಳಿಸುತ್ತೇನೆ. ಯುಪಿಐ ವ್ಯವಸ್ಥೆ ನಡೆಸುವ ಎನ್‌ಪಿಸಿಐ 2025ರ ಫೆಬ್ರುವರಿಯಲ್ಲಿ ಇದರ ಬಗ್ಗೆ ಜನರನ್ನು ಎಚ್ಚರಿಸಿತು. ಮೋಸ ನಡೆಯುವುದು ಹೀಗೆ. ಯಾರೋ ಫೋನ್ ಮಾಡಿ, ನಿಮ್ಮ ಪರಿಚಯದವರೇ ನಂಬರ್ ಕೊಟ್ಟರು ಎನ್ನುತ್ತಾರೆ. ಅಷ್ಟರಲ್ಲಿ ಕಿವಿಯಲ್ಲಿ ಟೂಕ್ ಟೂಕ್. "ಅದು ಅವರದೇ ಫೋನ್, ಬೇರೆ ನಂಬರಿಂದ ಮಾಡ್ತಿದ್ದಾರೆ, ಮರ್ಜ್ ಮಾಡಿ, ಮೂವರೂ ಮಾತಾಡೋಣ" ಎನ್ನುತ್ತಾರೆ. ನಿಜದಲ್ಲಿ ಬರುತ್ತಿರುವುದು ಬ್ಯಾಂಕಿನ ಯಂತ್ರದ ಕರೆ, ಒಟಿಪಿಯನ್ನು ಓದಿ ಹೇಳುವಂಥದ್ದು. ಆ ಹೊತ್ತಿಗೆ ವಂಚಕ ನಿಮ್ಮ ಖಾತೆಯಲ್ಲಿ ವ್ಯವಹಾರ ಶುರುಮಾಡಿ, ಒಟಿಪಿಯನ್ನು ದನಿಯಲ್ಲಿ ಕಳಿಸುವಂತೆ ಕೇಳಿರುತ್ತಾನೆ. ನೀವು Merge ಒತ್ತಿದ ಕ್ಷಣ ಆ ಅಂಕಿಗಳು ನಿಮ್ಮ ಕಿವಿಗೂ ಅವನ ಕಿವಿಗೂ ಒಟ್ಟಿಗೇ ಬೀಳುತ್ತವೆ. ನೀವು ಬಾಯಿ ಬಿಟ್ಟು ಯಾರಿಗೂ ಒಟಿಪಿ ಹೇಳಿರುವುದಿಲ್ಲ, ಆದರೂ ಅದು ಅವನಿಗೆ ಸಿಕ್ಕಿರುತ್ತದೆ.

ನನ್ನ ಒಬ್ಬ ಗಿರಾಕಿ, ನಿವೃತ್ತ ಮೇಷ್ಟ್ರು, ಇಂಥದ್ದರಿಂದ ಪಾರಾದದ್ದು ಒಂದೇ ಅಭ್ಯಾಸದಿಂದ. ಹೊಸ ಕರೆ ಬಂದಾಗ ಅವರು ಮೊದಲು ಹೋಲ್ಡ್ ಮಾಡಿ, ಎರಡನೆಯವರ ಜೊತೆ ಒಬ್ಬರೇ ಮಾತಾಡುತ್ತಾರೆ, ಆಮೇಲಷ್ಟೇ ಸೇರಿಸುತ್ತಾರೆ. ಅಂದು ಹಾಗೆ ಎತ್ತಿದಾಗ ಕೇಳಿದ್ದು ಪರಿಚಿತರ ದನಿಯಲ್ಲ, ಯಂತ್ರದ ದನಿ. ಕೂಡಲೇ ಎರಡೂ ಕರೆ ಇಟ್ಟುಬಿಟ್ಟರು.

ನೀವಾಗಿ ಫೋನ್ ಮಾಡಿದವರನ್ನು, ದನಿ ಗುರುತಿರುವವರನ್ನು ಮಾತ್ರ ಸೇರಿಸಿ. ಒಂದು ವೇಳೆ ಸೇರಿಸಿಬಿಟ್ಟು, ಖಾತೆಯಿಂದ ಹಣ ಹೋದ ಸಂದೇಶ ಬಂದರೆ ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ.