ಮಣ್ಣಿನ ರಸಸಾರ: ಸುಣ್ಣ ಯಾವ ಹೊಲಕ್ಕೆ ಬೇಕು, ಯಾವುದಕ್ಕೆ ಬೇಡ

ಮಣ್ಣಿನ ನೀರಿನಲ್ಲಿ ಕರಗಿದ ಪೋಷಕಾಂಶವನ್ನಷ್ಟೇ ಬೇರು ಹೀರಬಲ್ಲದು. ಎಷ್ಟು ಕರಗುತ್ತದೆ, ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬ ಸಮತೋಲನವು ಬಹುಮಟ್ಟಿಗೆ ರಸಸಾರವನ್ನು ಅವಲಂಬಿಸಿದೆ.

ಖಾನಾಪುರದಂತಹ ಅಧಿಕ ಮಳೆಯ ಪ್ರದೇಶದಲ್ಲಿ ಸುಣ್ಣದಂಶ ತೊಳೆದುಹೋಗಿ ಮಣ್ಣು ಆಮ್ಲೀಯವಾಗುತ್ತದೆ. ರಸಸಾರ ಸುಮಾರು 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ಹಾನಿ ಮಾಡುತ್ತದೆ, ರಂಜಕವನ್ನೂ ಹಿಡಿದಿಡುತ್ತದೆ. ಕೃಷಿ ಸುಣ್ಣವು ಆಮ್ಲವನ್ನು ತಟಸ್ಥಗೊಳಿಸಿದಾಗ ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗುತ್ತದೆ:

CaCO₃ + 2H⁺ → Ca²⁺ + H₂O + CO₂

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಕಪ್ಪು ಮಣ್ಣಿನಲ್ಲಿ ಸಾಮಾನ್ಯವಾಗಿ ಸುಣ್ಣ ಮೊದಲೇ ಇರುತ್ತದೆ. ಅಲ್ಲಿ ಕ್ಯಾಲ್ಸಿಯಂ ರಂಜಕವನ್ನು ಕಟ್ಟಿಹಾಕುತ್ತದೆ. ಕಬ್ಬಿಣ, ಸತು ಕರಗುವುದು ಕಡಿಮೆ. ಕಬ್ಬಿನ ಎಳೆಯ ಎಲೆಗಳು ನರ ಹಸಿರಾಗಿಯೇ ಉಳಿದು ಹಳದಿಯಾಗುವುದು ಕಬ್ಬಿಣದ ಕೊರತೆಯ ಲಕ್ಷಣ. ಅಲ್ಲಿ ಸುಣ್ಣ ಹಾಕಿದರೆ ಪ್ರಯೋಜನವಿಲ್ಲ.

ಮಣ್ಣಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದಾಗ ನೊರೆಯುಕ್ಕಿದರೆ ಸುಣ್ಣವಿದೆಯೆಂದು ತಿಳಿಯಬೇಕು. ಸುಣ್ಣವೊಂದರಿಂದಲೇ ರಸಸಾರ ಸಾಮಾನ್ಯವಾಗಿ 8.4ರ ಆಸುಪಾಸನ್ನು ಮೀರದು. ಮಣ್ಣು ಆರೋಗ್ಯ ಚೀಟಿಯಲ್ಲಿ 8.9 ಎಂದಿದ್ದರೆ ಸೋಡಿಯಂ ಹೆಚ್ಚಿರುವ ಶಂಕೆಯಿದೆ. ಅಂತಹ ಹೊಲಕ್ಕೆ ಬೇಕಾದುದು ಸುಣ್ಣವಲ್ಲ, ಜಿಪ್ಸಂ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಬಿಡಿಸುತ್ತದೆ. ಆದರೆ ಬಸಿಗಾಲುವೆ ಇಲ್ಲದಿದ್ದರೆ ಆ ಸೋಡಿಯಂ ಹೊಲದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆಯ ಫಲಿತಾಂಶ ನೋಡಿದ ನಂತರವೇ ಸುಣ್ಣ ಅಥವಾ ಜಿಪ್ಸಂ ಬೇಡಿಕೆಯನ್ನು ಸದಸ್ಯರು ಶಿಫಾರಸು ಮಾಡುವುದು.