ಎಂಟು ತೊಲ ಎಂದರೆ ಎಷ್ಟು?

"ನನ್ನ ಬಳಿ ಎಂಟು ತೊಲ ಚಿನ್ನವಿದೆ. ವರ್ಷ ಕಳೆದಿದೆ. ಬೆಳ್ಳಿಯಾಗಲಿ, ನಗದು ಹಣವಾಗಲಿ ಇಲ್ಲ. ಝಕಾತ್ ಕಡ್ಡಾಯವೇ?"

ಪ್ರಿಯ ಓದುಗರೇ, ಹನಫೀ ಮದ್‌ಹಬ್‌ನಲ್ಲಿ ಧರಿಸುವ ಆಭರಣಕ್ಕೂ ಝಕಾತ್ ಇದೆ. ಚಿನ್ನದ ನಿಸಾಬ್ ಏಳೂವರೆ ತೊಲ ಎಂದು ಕೇಳಿ ಬಲ್ಲವರು ಈ ಪ್ರಶ್ನೆಗೆ ಕೂಡಲೇ 'ಹೌದು' ಎನ್ನುತ್ತಾರೆ. ಆದರೆ ಯಾವ ತೊಲ ಎಂದು ಕೇಳಬೇಡವೇ?

ನಿಸಾಬ್‌ನ ಮೂಲ ಅಳತೆ ಇಪ್ಪತ್ತು ಮಿಸ್ಕಾಲ್. ನಮ್ಮ ದೇಶದ ಉಲಮಾಗಳು ಅದನ್ನು ಏಳೂವರೆ ತೊಲ ಎಂದು ಲೆಕ್ಕ ಹಾಕಿದಾಗ ತೊಲವೆಂದರೆ 11.664 ಗ್ರಾಮ್. ಹಾಗಾಗಿ ನಿಸಾಬ್ 87.48 ಗ್ರಾಮ್. ಇಂದು ಚಿನ್ನದಂಗಡಿಯ ಮಾತಿನಲ್ಲಿ ತೊಲವೆಂದರೆ ಸಾಮಾನ್ಯವಾಗಿ 10 ಗ್ರಾಮ್.

ಈಗ ಲೆಕ್ಕ ಮಾಡಿ ನೋಡಿ. ಆ ಸಹೋದರಿಯದು ಅಂಗಡಿಯ ತೊಲವಾದರೆ ಇರುವುದು 80 ಗ್ರಾಮ್. ನಿಸಾಬ್ ತಲುಪಿಲ್ಲ, ಝಕಾತ್ ಕಡ್ಡಾಯವಲ್ಲ. ಅಜ್ಜಿಯ ಕಾಲದಲ್ಲಿ ಹಳೆಯ ತೊಲದಿಂದ ತೂಗಿದ್ದಾದರೆ 93.31 ಗ್ರಾಮ್. ಅದರ ನಲವತ್ತನೆಯ ಒಂದು ಪಾಲು, ಅಂದರೆ ಸುಮಾರು 2.33 ಗ್ರಾಮ್ ಚಿನ್ನ ಅಥವಾ ಅದರ ಬೆಲೆ ಬಡವರ ಹಕ್ಕು. ಅದನ್ನು ಇಟ್ಟುಕೊಳ್ಳುವಂತಿಲ್ಲ.

ಪ್ರಶ್ನೆ ಕೇಳುವವರು 'ತೊಲ' ಎಂದಾಗ ಅದರ ಅರ್ಥವನ್ನು ಅವರ ಊರಿನ ರೂಢಿಯಿಂದ ತಿಳಿಯಬಹುದು. ಆದರೆ ಊರಿನ ರೂಢಿ ಬದಲಾದ ಮಾತ್ರಕ್ಕೆ ನಿಸಾಬ್ ಬದಲಾಗದು. ಆದುದರಿಂದ ಆಭರಣದ ಕಲ್ಲು, ಮಣಿಗಳ ತೂಕ ಕಳೆದು, ಚಿನ್ನವನ್ನು ಗ್ರಾಮ್‌ನಲ್ಲಿ ತೂಗಿಸಿರಿ. ಆ ಬಳಿಕವೇ ಪ್ರಶ್ನೆ ಕೇಳಿರಿ.